ತೆರಿಗೆ ಸೇರಿದ ಬಿಲ್ಲನ್ನು ನಾನು ಬಿಡಿಸುವ ಬಗೆ

ತುಮಕೂರಿನ ಮಂಡಿಪೇಟೆಯ ಕೆಲವು ಹಾರ್ಡ್‌ವೇರ್ ಅಂಗಡಿಗಳಿಗೆ ನಾನು ಲೆಕ್ಕ ಬರೆಯುತ್ತೇನೆ. ಅಲ್ಲಿ ಗಿರಾಕಿಯ ಜೊತೆ ಮಾತೆಲ್ಲ ನಡೆಯುವುದು ಕೊನೆಯ ಬೆಲೆಯಲ್ಲೇ. ಸಿಮೆಂಟ್ ಮೂಟೆಗೆ 354, ಎಲ್ಲ ಸೇರಿ ಎಂದರೆ ವ್ಯಾಪಾರ ಮುಗಿಯಿತು. ಆ ‘ಎಲ್ಲ ಸೇರಿ’ ಎಂಬುದರಲ್ಲಿ ಸರಕಿನ ಬೆಲೆ ಎಷ್ಟು, ಜಿಎಸ್‌ಟಿ ಎಷ್ಟು ಎಂದು ರಿಟರ್ನ್ ತುಂಬುವ ಹೊತ್ತಿಗೆ ಬಿಡಿಸುವುದು ನನ್ನ ಪಾಲಿಗೆ ಬರುತ್ತದೆ.

ಕೈ ತಟ್ಟನೆ ಹೋಗುವುದು ಒಟ್ಟಿನ ಮೇಲೆ ಸಿಮೆಂಟಿನ ದರವಾದ ಶೇ 18 ಹಾಕುವ ಕಡೆಗೆ. 354ಕ್ಕೆ ಹಾಗೆ ಹಾಕಿದರೆ 63.72 ಬರುತ್ತದೆ, ಉಳಿಯುವುದು 290.28. ಈಗ 290.28ಕ್ಕೆ ಶೇ 18 ಸೇರಿಸಿ ನೋಡಿ: 342.53. ಗಿರಾಕಿ ಕೊಟ್ಟ 354 ಎಲ್ಲಿ, ಇದೆಲ್ಲಿ? ತಾಳೆ ಬೀಳುವುದಿಲ್ಲ, ಏಕೆಂದರೆ ತೆರಿಗೆ ಹಾಕಿರುವುದು ಮೂಲ ಬೆಲೆಯ ಮೇಲೆ, ಒಟ್ಟಿನ ಮೇಲಲ್ಲ. “ಹದಿನೆಂಟು ಎಂದರೆ ಹದಿನೆಂಟೇ ಅಲ್ಲವೇ ಸಾರ್?” ಎಂದು ಅಂಗಡಿಯವರೊಬ್ಬರು ಈಗಲೂ ಕೇಳುತ್ತಾರೆ. ನೂರು ರೂಪಾಯಿಯ ಸರಕು ತೆರಿಗೆ ಸೇರಿ 118 ಆಗುತ್ತದೆ; ಆ 118ರಲ್ಲಿ 18 ಎಂದರೆ ಒಟ್ಟಿನ ಶೇ 15.25 ಮಾತ್ರ. ಹಾಗಾಗಿ ಒಟ್ಟನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. 354ಕ್ಕೆ ತೆರಿಗೆ 54, ಮೂಲ ಬೆಲೆ 300. ಸಿಜಿಎಸ್‌ಟಿ ನಿಯಮಾವಳಿಯ 35ನೇ ನಿಯಮ ಹೇಳುವುದೂ ಇದೇ ಲೆಕ್ಕವನ್ನು. ಎಕ್ಸೆಲ್‌ನಲ್ಲಿ ಮೂಲ ಬೆಲೆಗೆ ನಾನು ಹಾಕುವುದು ಇಷ್ಟೇ:

```
=ROUND(B2*100/(100+C2),2)
```

B2ರಲ್ಲಿ ಒಟ್ಟು, C2ರಲ್ಲಿ ತೆರಿಗೆ ದರ, ಶೇಕಡಾ ಚಿಹ್ನೆ ಇಲ್ಲದೆ ಬರಿಯ 18 ಎಂದು.

ಒಂದೇ ದರದ ಬಿಲ್ಲಾದರೆ ಇಲ್ಲಿಗೆ ಮುಗಿಯಿತು. ತೊಡಕು ಇರುವುದು ಬೆರಕೆ ಬಿಲ್ಲಿನಲ್ಲಿ. ಒಂದು ಬಿಲ್ಲು ಹೀಗಿದೆ ಎನ್ನಿ: ನಾಲ್ಕು ಮೂಟೆ ಸಿಮೆಂಟ್ 1,416, ಒಂದು ಡಬ್ಬ ಪೇಂಟ್ 999, ಒಂದು ಗುದ್ದಲಿ 350, ಒಟ್ಟು 2,765. ಇಡೀ ಮೊತ್ತವನ್ನು 118ರ ಲೆಕ್ಕಕ್ಕೆ ಒಡ್ಡಿದರೆ ತೆರಿಗೆ 421.78 ಎಂದು ಬರುತ್ತದೆ. ಆದರೆ ಕೈಯಿಂದ ಬಳಸುವ ಗುದ್ದಲಿಯಂಥ ಕೃಷಿ ಉಪಕರಣಕ್ಕೆ ತೆರಿಗೆಯೇ ಇಲ್ಲ. ಆದ್ದರಿಂದ ಮೊದಲು 350ನ್ನು ಪಕ್ಕಕ್ಕಿಡುತ್ತೇನೆ. ಸಿಮೆಂಟಿನಲ್ಲಿ ಮೂಲ ಬೆಲೆ 1,200, ತೆರಿಗೆ 216. ಪೇಂಟಿಗೂ ದರ ಶೇ 18, ಅದರಲ್ಲಿ ಮೂಲ ಬೆಲೆ 846.61.

ಇಲ್ಲಿ ಪೈಸೆಯ ತಕರಾರು ಏಳುತ್ತದೆ. ರಾಜ್ಯದೊಳಗಿನ ಮಾರಾಟದಲ್ಲಿ ತೆರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಸರಿಸಮವಾಗಿ ಒಡೆಯುತ್ತದೆ. ಪೇಂಟಿನ ತೆರಿಗೆಯನ್ನು ಒಟ್ಟಾಗಿ ತೆಗೆದರೆ 152.39, ಅದನ್ನು ಎರಡು ಸಮಪಾಲು ಮಾಡಲು ಅರ್ಧ ಪೈಸೆ ಬೇಕು. ಅದಕ್ಕೇ ನಾನು 846.61ರ ಮೇಲೆ ಶೇ 9ನ್ನು ಬೇರೆ ಬೇರೆಯಾಗಿ ಹಾಕುತ್ತೇನೆ: 76.19, ಮತ್ತೊಂದು 76.19. ಎಲ್ಲ ಕೂಡಿಸಿದರೆ 998.99, ಒಂದು ಪೈಸೆ ಕಡಿಮೆ. ಅದನ್ನು ‘ರೌಂಡ್ ಆಫ್’ ಖಾತೆಗೆ ಹಾಕುತ್ತೇನೆ. ಲೆಕ್ಕ ಕೂಡಲಿ ಎಂದು ಎರಡು ತೆರಿಗೆಗಳಲ್ಲಿ ಒಂದಕ್ಕೆ ಮಾತ್ರ ಪೈಸೆ ಸೇರಿಸುವವರನ್ನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಕೊನೆಗೆ ಇಡೀ ಬಿಲ್ಲಿನ ತೆರಿಗೆ 368.38. ಕಣ್ಣುಮುಚ್ಚಿ ಭಾಗಿಸಿದ್ದರೆ ಅಂಗಡಿಯವರು ಐವತ್ತು ರೂಪಾಯಿಗೂ ಹೆಚ್ಚು ಸುಮ್ಮನೆ ಕಟ್ಟುತ್ತಿದ್ದರು.

ಹಳೆಯ ಬಿಲ್ಲುಗಳಲ್ಲಿ ತಾರೀಖು ನೋಡದೆ ಕೈ ಹಾಕುವುದಿಲ್ಲ. ಸಿಮೆಂಟಿನ ದರ 2025ರ ಸೆಪ್ಟೆಂಬರ್ 22ರಂದು ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ಹಿಂದಿನ ಬಿಲ್ಲಾದರೆ ಭಾಜಕ 128. ಆಗ ಗಿರಾಕಿಗಳು ತೆರಿಗೆ ಹತ್ತು ಇಳಿದರೆ ಬೆಲೆಯೂ ನೂರಕ್ಕೆ ಹತ್ತು ಇಳಿಯಬೇಕು ಎಂದು ಜಗಳಕ್ಕೆ ನಿಂತದ್ದುಂಟು. ಮೂಲ ಬೆಲೆ 300 ಇದ್ದರೆ ಮೊದಲು 384, ಆಮೇಲೆ 354. ಇಳಿದದ್ದು 30 ರೂಪಾಯಿ, ಅಂದರೆ ಹಳೆಯ ಬೆಲೆಯ ಶೇ 7.8. ಚೀಟಿಯ ಹಿಂಭಾಗದಲ್ಲಿ ಇಷ್ಟನ್ನು ಬರೆದು ತೋರಿಸಿದ ಮೇಲೆ ಕೆಲವರು ಸುಮ್ಮನಾದರು, ಕೆಲವರು ಆಗಲಿಲ್ಲ.

ಬಿಡಿಸಬಾರದ ಬಿಲ್ಲೂ ಉಂಟು. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವ ಅಂಗಡಿಯವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ; ಆ ಮಾತು ಅವರ ಬಿಲ್ಲಿನ ನೆತ್ತಿಯ ಮೇಲೆಯೇ ಇರಬೇಕು. ಅಲ್ಲಿ 354 ಎಂದರೆ ಇಡೀ 354 ಸರಕಿನ ಬೆಲೆಯೇ. ಇನ್ನು ಖರೀದಿ ಮಾಡಿದವರು ತೆರಿಗೆ ತೋರಿಸದ ಬಿಲ್ಲನ್ನು ತಾವೇ ಬಿಡಿಸಿ ಅದರ ಮೇಲೆ ಹೂಡುವಳಿ ತೆರಿಗೆ ಜಮಾ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೇಳಿದರೆ ನಾನು ಬರೆದುಕೊಳ್ಳುವುದಿಲ್ಲ. ಮಾರಿದವರಿಂದ ಮೂಲ ಬೆಲೆ, ದರ, ತೆರಿಗೆ ಮೂರೂ ಬೇರೆಬೇರೆಯಾಗಿ ನಮೂದಾದ ತೆರಿಗೆ ಬಿಲ್ಲನ್ನು ತರಿಸಿಕೊಳ್ಳಿ ಎಂದು ವಾಪಸು ಕಳುಹಿಸುತ್ತೇನೆ.