ವಿಮಾ ಕಂಪನಿ ಹೆಚ್ಚುವರಿ ದಾಖಲೆ ಕೇಳಿದಾಗ: ಪುಣೆಗೆ ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಮಕ್ಕಳ ಉದ್ಯೋಗ ಪುಣೆಯಲ್ಲಿ, ತಂದೆ-ತಾಯಿಯ ವಾಸ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಇರುವ ಕುಟುಂಬಗಳು ನಮ್ಮ ಸಂಘದಲ್ಲಿ ಬಹಳ. ಊರಿನ ಆಸ್ಪತ್ರೆಯಲ್ಲಿ ಕೈಯಿಂದ ಹಣ ಕಟ್ಟಿ ಚಿಕಿತ್ಸೆ ಮಾಡಿಸಿ, ಆಮೇಲೆ ಮರುಪಾವತಿಗೆ ಅರ್ಜಿ ಹಾಕಿದವರಿಗೆ ಕೆಲವು ದಿನಗಳಲ್ಲಿ ವಿಮಾ ಕಂಪನಿಯಿಂದ ಅಥವಾ ಅದರ ಪರವಾಗಿ ಕ್ಲೈಮು ನೋಡಿಕೊಳ್ಳುವ ಟಿಪಿಎಯಿಂದ ಒಂದು ‘ಕ್ವೆರಿ’ ಪತ್ರ ಬರುತ್ತದೆ. ಇದು ತಿರಸ್ಕಾರವಲ್ಲ, ನಿರ್ಧಾರಕ್ಕೆ ಬೇಕಾದ ಕಾಗದ ಸಾಲದು ಎಂಬ ಸೂಚನೆ. ಆದರೆ ಅದಕ್ಕೆ ಉತ್ತರ ಹೋಗದಿದ್ದರೆ ಒಂದೆರಡು ಜ್ಞಾಪನೆಗಳ ನಂತರ ಕಡತವನ್ನು ಮುಚ್ಚುತ್ತಾರೆ.

ಕಳೆದ ವರ್ಷ ನಮ್ಮ ಸದಸ್ಯ ಕುಟುಂಬವೊಂದಕ್ಕೆ ಬಂದ ಪತ್ರವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ತಂದೆಯವರಿಗೆ ಹುಬ್ಬಳ್ಳಿಯಲ್ಲಿ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಮಗ ಕೇಳಿದ್ದ ಮೊತ್ತ 78,600 ರೂಪಾಯಿ. ಆಗಸ್ಟ್ 5ರ ತಾರೀಖಿನ ಪತ್ರದಲ್ಲಿ ನಾಲ್ಕು ಬೇಡಿಕೆಗಳಿದ್ದವು: ಒಳರೋಗಿ ಕೇಸ್ ಪೇಪರುಗಳ ಪೂರ್ಣ ಪ್ರತಿ, ಕಾಯಿಲೆ ಎಂದಿನಿಂದ ಇದೆ ಎಂಬುದಕ್ಕೆ ಚಿಕಿತ್ಸೆ ನೀಡಿದ ವೈದ್ಯರ ಪ್ರಮಾಣಪತ್ರ, ಔಷಧಿ ಬಿಲ್ಲುಗಳಿಗೆ ಸಂಬಂಧಿಸಿದ ಚೀಟಿಗಳು, ಮತ್ತು ಹೆಸರು ಮುದ್ರಿತವಾಗಿರುವ ರದ್ದು ಮಾಡಿದ ಚೆಕ್ಕು. ಉತ್ತರಿಸಲು 15 ದಿನ. ಆ ಇಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿದ್ದರಿಂದ ಮಗ ಅದನ್ನು ನೋಡಿದ್ದು 8ರಂದು; ಗಡುವಿನ ದಿನಗಳನ್ನು ಎಣಿಸುವುದು ಪತ್ರದ ತಾರೀಖಿನಿಂದಲೇ ಹೊರತು ನಾವು ಓದಿದ ದಿನದಿಂದಲ್ಲ. ನಡುವೆ ಸ್ವಾತಂತ್ರ್ಯ ದಿನದ ರಜೆಯೂ ಭಾನುವಾರಗಳೂ ಸೇರಿದ್ದವು. ಕ್ಲೈಮು ಹಾಕಿದ ದಿನದಿಂದ ಸ್ಪ್ಯಾಮ್ ಪೆಟ್ಟಿಗೆಯನ್ನೂ ಟಿಪಿಎಯ ಜಾಲತಾಣವನ್ನೂ ಎರಡು ದಿನಕ್ಕೊಮ್ಮೆ ನೋಡಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಮೊದಲ ಎರಡು ಬೇಡಿಕೆಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೇಸ್ ಪೇಪರು ಎಂದರೆ ಡಿಸ್ಚಾರ್ಜ್ ಸಮ್ಮರಿ ಅಲ್ಲ. ದಾಖಲಾದ ಕ್ಷಣದಿಂದ ವೈದ್ಯರೂ ನರ್ಸುಗಳೂ ದಿನವೂ ಬರೆದ ಟಿಪ್ಪಣಿ, ಔಷಧಿ ಪಟ್ಟಿ, ಶಸ್ತ್ರಚಿಕಿತ್ಸೆಯ ವಿವರ, ಅರಿವಳಿಕೆ ಟಿಪ್ಪಣಿ ಎಲ್ಲವೂ ಸೇರಿದ ಕಟ್ಟು. ಇದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿರುತ್ತದೆ. ರೋಗಿಯ ಸಹಿ, ದಾಖಲಾತಿ ಸಂಖ್ಯೆ ಮತ್ತು ಗುರುತಿನ ಚೀಟಿಯ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡಾವಳಿ ನಿಯಮಗಳು ಹೇಳುತ್ತವೆ. ‘ಮುಂದಿನ ವಾರ ಬನ್ನಿ’ ಎನ್ನುವ ಸಿಬ್ಬಂದಿಗೆ ಈ ನಿಯಮವನ್ನು ವಿನಯದಿಂದಲೇ ಅರ್ಜಿಯಲ್ಲಿ ಉಲ್ಲೇಖಿಸಿದರೆ ಕೆಲಸ ಬೇಗ ಆಗುವುದನ್ನು ನಾವು ಕಂಡಿದ್ದೇವೆ.

ಕಾಯಿಲೆಯ ಅವಧಿಯನ್ನು ಏಕೆ ಕೇಳುತ್ತಾರೆ? ಪಾಲಿಸಿ ಕೊಳ್ಳುವ ಮೊದಲೇ ಕಾಯಿಲೆ ಇತ್ತೇ ಎಂದು ತಿಳಿಯಲು. ಈ ಕುಟುಂಬದ ಪಾಲಿಸಿಗೆ ಎರಡೂವರೆ ವರ್ಷವಾಗಿತ್ತು. ಪಿತ್ತಕೋಶದ ಕಲ್ಲಿಗೆ ಅದರಲ್ಲಿದ್ದ 24 ತಿಂಗಳ ಕಾಯುವ ಅವಧಿ ಮುಗಿದಿತ್ತು. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮೂರು ವರ್ಷದಿಂದ ಹೊಟ್ಟೆನೋವು’ ಎಂದು ಟೈಪಾಗಿತ್ತು. ಮೂರು ವರ್ಷ ಎಂದಾದರೆ ಪಾಲಿಸಿಗೂ ಹಿಂದಿನ ಕಾಯಿಲೆ, ಅಂಥದಕ್ಕೆ ಕಾಯುವ ಅವಧಿ ಬೇರೆ. ಕೇಸ್ ಪೇಪರು ಕೈಗೆ ಬಂದಾಗ ದಾಖಲಾದ ದಿನದ ಟಿಪ್ಪಣಿಯಲ್ಲಿ ವೈದ್ಯರು ಬರೆದಿದ್ದು 3/12 ಎಂದು ಕಂಡಿತು. ವೈದ್ಯರ ಬರವಣಿಗೆಯಲ್ಲಿ ಕೆಳಗಿನ 12 ತಿಂಗಳನ್ನು ಸೂಚಿಸುತ್ತದೆ, 52 ವಾರವನ್ನು, 7 ದಿನವನ್ನು; ಅಂದರೆ ಅದು ಮೂರು ತಿಂಗಳು. ಟೈಪು ಮಾಡಿದವರು ಅದನ್ನು ವರ್ಷವಾಗಿಸಿದ್ದರು.

ಇಂಥ ತಪ್ಪು ಕಂಡಾಗ ಮನೆಯಲ್ಲಿ ಕೂತು ಒಂದು ಅಕ್ಷರವನ್ನೂ ತಿದ್ದಬೇಡಿ. ತಿದ್ದಿದ ಕಾಗದ ನಿಜವಾದ ಕ್ಲೈಮನ್ನೂ ಸಂಶಯಕ್ಕೆ ತಳ್ಳುತ್ತದೆ. ಆ ವೈದ್ಯರೇ ತಿದ್ದುಪಡಿಯ ಕಾರಣ ಬರೆದು, ಸಹಿ, ತಾರೀಖು, ನೋಂದಣಿ ಸಂಖ್ಯೆ ಮತ್ತು ಆಸ್ಪತ್ರೆಯ ಮೊಹರಿನೊಂದಿಗೆ ಕೊಡಬೇಕು. ಹಾಗೆಯೇ, ಕಾಯಿಲೆ ನಿಜವಾಗಿಯೂ ಹಳೆಯದಾಗಿದ್ದರೆ ಹೊಸದೆಂದು ಬರೆಸಿಕೊಳ್ಳಲು ವೈದ್ಯರನ್ನು ಒತ್ತಾಯಿಸುವುದು ತಪ್ಪು, ಅಪಾಯಕರವೂ ಹೌದು.

ಉತ್ತರವನ್ನು ಒಂದೇ ಪತ್ರವಾಗಿ, ಅವರು ಕೊಟ್ಟ ಕ್ರಮಸಂಖ್ಯೆಯಲ್ಲೇ ಬರೆಯಿರಿ. ಮೇಲೆ ಕ್ಲೈಮು ಸಂಖ್ಯೆ, ಪಾಲಿಸಿ ಸಂಖ್ಯೆ, ರೋಗಿಯ ಹೆಸರು, ಕ್ವೆರಿಯ ತಾರೀಖು ಇರಲಿ. ಇಮೇಲಿನ ವಿಷಯದ ಸಾಲಿನಲ್ಲೂ ಕ್ಲೈಮು ಸಂಖ್ಯೆ ಇರಲೇಬೇಕು. ಪ್ರತಿ ಬೇಡಿಕೆಯ ಮುಂದೆ ಯಾವ ದಾಖಲೆ, ಎಷ್ಟು ಪುಟ ಎಂದು ನಮೂದಿಸಿ. ಸಿಗದ ದಾಖಲೆಯ ಜಾಗವನ್ನು ಖಾಲಿ ಬಿಡಬೇಡಿ. ಈ ಕುಟುಂಬಕ್ಕೆ 1,860 ರೂಪಾಯಿಯ ಒಂದು ಔಷಧಿ ಬಿಲ್ಲಿನ ಚೀಟಿ ಸಿಗಲೇ ಇಲ್ಲ. ಅದನ್ನು ಹಾಗೆಯೇ ಬರೆದು, ಉಳಿದ ಮೊತ್ತವನ್ನು ಪರಿಶೀಲಿಸಿ ಎಂದು ಕೋರಿದರು. ಆ ಒಂದು ಚೀಟಿಗಾಗಿ ಕಾದಿದ್ದರೆ ಇಡೀ ಉತ್ತರವೇ ತಡವಾಗುತ್ತಿತ್ತು.

ಗಡುವಿನೊಳಗೆ ಮುಖ್ಯ ದಾಖಲೆ ಸಿಗುವುದಿಲ್ಲ ಎಂದು ಕಂಡರೆ, ಗಡುವು ಮುಗಿಯುವ ಮೊದಲೇ ಕಾಲಾವಕಾಶ ಕೇಳಿ, ಆಸ್ಪತ್ರೆಗೆ ಕೊಟ್ಟ ಅರ್ಜಿಯ ಮೊಹರು ಬಿದ್ದ ನಕಲನ್ನು ಲಗತ್ತಿಸಿ. ತಡಕ್ಕೆ ನಮ್ಮ ಕೈಮೀರಿದ ಕಾರಣವಿದ್ದಾಗ ತಡವೊಂದನ್ನೇ ಮುಂದೊಡ್ಡಿ ನಿಜವಾದ ಕ್ಲೈಮನ್ನು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಕಂಪನಿಗಳಿಗೆ ತಿಳಿಸಿದೆ. ಕಾರಣವನ್ನು ಕಾಗದದಲ್ಲಿ ತೋರಿಸುವ ಹೊಣೆ ಮಾತ್ರ ನಮ್ಮದು.

ಈ ಕುಟುಂಬದವರು ಆಗಸ್ಟ್ 18ರಂದು ಟಿಪಿಎಯ ಜಾಲತಾಣದಲ್ಲಿ ಕಾಗದಗಳನ್ನು ಹಾಕಿ, ಅದೇ ಕಡತಗಳನ್ನು ಇಮೇಲ್ ಮೂಲಕವೂ ಕಳುಹಿಸಿ, ಸ್ವೀಕೃತಿಯ ಪರದೆಯ ಚಿತ್ರ ಉಳಿಸಿಕೊಂಡರು. ಮೂಲಪ್ರತಿ ಕೇಳಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆಯನ್ನು ತೆಗೆದಿಡಬೇಕು. ಕಳುಹಿಸುವ ಮೊದಲು ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಕೊಳ್ಳಬೇಕು. ಮೂರು ಕೆಲಸದ ದಿನಗಳ ನಂತರವೂ ಜಾಲತಾಣದಲ್ಲಿ ಕ್ವೆರಿ ಬಾಕಿ ಎಂದೇ ಕಾಣುತ್ತಿದ್ದರೆ ನಿಮ್ಮ ಉತ್ತರ ಕಡತಕ್ಕೆ ಸೇರಿಲ್ಲ ಎಂದರ್ಥ. ಇವರಿಗೂ ಹಾಗೆಯೇ ಆಯಿತು. ಫೋನು ಮಾಡಿ, ಸ್ವೀಕೃತಿಯನ್ನು ಮತ್ತೆ ಕಳುಹಿಸಿದ ಮೇಲೆ ಸ್ಥಿತಿ ‘ಪರಿಶೀಲನೆಯಲ್ಲಿದೆ’ ಎಂದು ಬದಲಾಯಿತು. ಪ್ರತಿ ಕರೆಯ ತಾರೀಖು, ಮಾತಾಡಿದವರ ಹೆಸರು, ದೂರಿನ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕಂಪನಿಯ ಗಡುವು ಕೊನೆಯ ಅಗತ್ಯ ದಾಖಲೆ ತಲುಪಿದ ದಿನದಿಂದ ಶುರುವಾಗುತ್ತದೆ ಎಂದು ಹಲವು ಪಾಲಿಸಿಗಳಲ್ಲಿ ಬರೆದಿರುತ್ತದೆ. ಅದು 15 ದಿನವೋ 30 ದಿನವೋ ಎಂಬುದನ್ನು ನಿಮ್ಮ ಪಾಲಿಸಿಯಲ್ಲಿ ನೋಡಿಕೊಳ್ಳಿ. ಗಡುವು ಮೀರಿದರೆ ಬ್ಯಾಂಕ್ ದರಕ್ಕಿಂತ ಶೇಕಡಾ 2 ಹೆಚ್ಚಿನ ಬಡ್ಡಿ ಕೊಡಬೇಕೆಂಬ ಷರತ್ತೂ ಅಲ್ಲೇ ಇರುತ್ತದೆ. ಇವರ ಖಾತೆಗೆ ಬಂದದ್ದು 73,910 ರೂಪಾಯಿ. ಕಡಿತದ ಪಟ್ಟಿಯಲ್ಲಿ ಚೀಟಿಯಿಲ್ಲದ 1,860 ಹಾಗೂ ಕೈಗವಸು, ನೋಂದಣಿ ಶುಲ್ಕದಂಥ ಪಾವತಿಗೆ ಸಲ್ಲದ 2,830 ಇದ್ದವು, ಲೆಕ್ಕ ಸರಿಹೋಯಿತು. ಹಣ ಬಂದ ಸಂದೇಶ ನೋಡಿ ಸುಮ್ಮನಾಗದೆ ಈ ಪಟ್ಟಿಯನ್ನು ಕೇಳಿ ಪಡೆಯಿರಿ.

ಉತ್ತರವೇ ಬಾರದಿದ್ದರೆ ಅಥವಾ ಕಡಿತ ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿ ಅದನ್ನು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ಕೊಡದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಚಿಕಿತ್ಸೆ ಹುಬ್ಬಳ್ಳಿಯಲ್ಲಿ ಆಗಿದ್ದರೂ, ದೂರುದಾರರು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ದೂರು ಕೊಡಲು ಅವಕಾಶವಿರುವುದರಿಂದ, ಪುಣೆಯಲ್ಲಿರುವ ಪಾಲಿಸಿದಾರರು ಪುಣೆಯ ಕಚೇರಿಗೇ ಅರ್ಜಿ ಸಲ್ಲಿಸಬಹುದು.