ಕ್ರಯಪತ್ರದಿಂದ ಎತ್ತಿದ ಪ್ರತಿ ಅಂಕಿಗೂ ಪುಟ ಮತ್ತು ಮೂಲದ ಸಾಲು

ಜಮೀನು ಕೊಳ್ಳುವ ಮುಂಚೆ ವಕೀಲರ ಕಚೇರಿಯಲ್ಲಿ ಹಳೇ ಕ್ರಯಪತ್ರ, ಪಹಣಿ ಎಲ್ಲ ಓದಿ ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿಗಳನ್ನು ಎಕ್ಸೆಲ್‌ಗೆ ಇಳಿಸುತ್ತಾರೆ. ಆಮೇಲೆ ಹಿರಿಯರು ನೋಡುವಾಗ ‘ಈ 1 ಎಕರೆ 18 ಗುಂಟೆ ಎಲ್ಲಿಂದ ಬಂತು?’ ಅಂತ ಕೇಳಿದರೆ ಇಡೀ ಕಟ್ಟು ಮತ್ತೆ ತಿರುವಬೇಕು.

ಇದಕ್ಕೆ ಪ್ರತಿ ಅಂಕಿಯ ಪಕ್ಕ ನಾಲ್ಕು ಕಾಲಂ ಸೇರಿಸಿ: ಫೈಲ್ ಹೆಸರು, ಪಿಡಿಎಫ್ ಪುಟ, ಹಾಳೆಯ ಮೇಲಿರುವ ಪುಟ, ಮೂಲದ ಸಾಲು. ಪುಟಕ್ಕೆ ಎರಡು ಕಾಲಂ ಯಾಕೆ ಅಂದರೆ, ಸ್ಕ್ಯಾನ್ ಮಾಡುವಾಗ ಮುಂದೆ ಎರಡು ಬೇರೆ ಹಾಳೆ ಸೇರಿದ್ದರೆ ಪತ್ರದ 4ನೇ ಪುಟ ಪರದೆಯಲ್ಲಿ 6 ಆಗಿರುತ್ತದೆ. ಒಂದನ್ನೇ ಬರೆದರೆ ನೋಡುವವರು ತಪ್ಪು ಹಾಳೆ ತೆರೆಯುತ್ತಾರೆ.

ನಮೂನೆಗೆ ಒಂದು ಪತ್ರ ತೆಗೆದುಕೊಳ್ಳೋಣ. ಷೆಡ್ಯೂಲಿನಲ್ಲಿ ಹೀಗಿದೆ: ‘ಸರ್ವೇ ನಂ. 12/3ರ ಪೈಕಿ 2 ಗುಂಟೆ ಖರಾಬು ಸೇರಿ 1 ಎಕರೆ 20 ಗುಂಟೆ’. ಮೂಲದ ಸಾಲಿನ ಕಾಲಂಗೆ ಬರೀ ‘20 ಗುಂಟೆ’ ಹಾಕಿದರೆ ಸಾಲದು, ಆ ಮಾತು ಪತ್ರದಲ್ಲಿ ಬೇರೆ ಕಡೆಯೂ ಬರಬಹುದು. ಸರ್ವೆ ನಂಬರಿನಿಂದ ಹಿಡಿದು ಪೂರ್ತಿ ಬರೆಯಿರಿ. ‘ಸರ್ವೇ’ ಎಂದಿದ್ದರೆ ಅದೇ ಇರಲಿ, ತಿದ್ದಬೇಡಿ. ತಿದ್ದಿದ ಸಾಲನ್ನು ಹುಡುಕಿದರೆ ಸಿಗುವುದಿಲ್ಲ, ಅಲ್ವಾ?

ಈಗ 1 ಎಕರೆ 18 ಗುಂಟೆ. ಇದು ಪತ್ರದಲ್ಲಿ ಇಲ್ಲವೇ ಇಲ್ಲ, ಸಾಗುವಳಿಗೆ ಬಾರದ ಖರಾಬು ನೆಲ ಕಳೆದು ಬಂದದ್ದು. ಹಾಗಾಗಿ 1-20 ಒಂದು ಸಾಲು, ಖರಾಬು 0-02 ಇನ್ನೊಂದು ಸಾಲು, ಎರಡಕ್ಕೂ ಅದೇ ಮೂಲ ಕೊಡಿ. 1-18ರ ಎದುರು ‘ಲೆಕ್ಕ: 1-20ರಲ್ಲಿ 0-02 ಕಳೆದು’ ಎಂದು ಬರೆಯಿರಿ. ಲೆಕ್ಕದ ಅಂಕಿಗೆ ಮೂಲದ ಸಾಲು ಅಂಟಿಸುವುದೇ ಈ ಕೆಲಸದಲ್ಲಿ ಜಾಸ್ತಿ ದಾರಿ ತಪ್ಪಿಸುವ ಸಂಗತಿ.

ಎಕ್ಸೆಲ್ ಬಗ್ಗೆ ಒಂದು ಎಚ್ಚರ. 12/3 ಅಥವಾ 1-20 ಎಂದು ಒತ್ತಿದರೆ ಅದು ಸುಮ್ನೆ ತಾರೀಕಾಗಿ ಕೂರುತ್ತದೆ. ಆ ಕಾಲಂಗಳನ್ನು ಮೊದಲೇ Text ಎಂದು ಬದಲಿಸಿಕೊಳ್ಳಿ. ಹಳೇ ನುಡಿ ಫಾಂಟಿನ ಪಿಡಿಎಫ್‌ನಿಂದ ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಅಂಥ ಕಡೆ, ಸ್ಕ್ಯಾನ್ ಹಾಳೆಯಲ್ಲೂ, ಕೈಯಾರೆ ಟೈಪ್ ಮಾಡಿ, ಟೈಪ್ ಮಾಡದ ಇನ್ನೊಬ್ಬರಿಂದ ಹಾಳೆಯೊಂದಿಗೆ ತಾಳೆ ನೋಡಿಸಿ.

ಬ್ರೌಸರಿನಲ್ಲಿ ತೆರೆಯುವ ಪಿಡಿಎಫ್ ಆದರೆ ವಿಳಾಸದ ಕೊನೆಗೆ `#page=6` ಸೇರಿಸಿ, ನೇರ ಆ ಪುಟ ಬರುತ್ತದೆ. ಇಲ್ಲಿ ಬೇಕಾದದ್ದು ಪಿಡಿಎಫ್ ಪುಟದ ಸಂಖ್ಯೆ.

ಪತ್ರದಲ್ಲಿ ಉತ್ತರದ ಚೆಕ್ಕುಬಂದಿಯೇ ಇಲ್ಲದಿದ್ದರೆ ಖಾಲಿ ಬಿಡಬೇಡಿ. ‘ಇಲ್ಲ, ಪುಟ 1ರಿಂದ 8 ನೋಡಿದೆ’ ಎಂದು ಬರೆಯಿರಿ. ಪಹಣಿಯಲ್ಲಿ ಬೇರೆ ವಿಸ್ತೀರ್ಣ ಕಂಡರೆ ಒಂದನ್ನು ಆರಿಸಬೇಡಿ, ಎರಡನ್ನೂ ಅವುಗಳ ಮೂಲದೊಂದಿಗೆ ಬೇರೆ ಬೇರೆ ಸಾಲಿನಲ್ಲಿ ಇಡಿ. ಕಾಗದ ಏನು ಹೇಳುತ್ತದೆ ಎಂಬುದಷ್ಟೇ ಇದರಿಂದ ಗೊತ್ತಾಗುತ್ತದೆ. ನೆಲದ ಮೇಲೆ ಎಷ್ಟಿದೆ ಅನ್ನುವುದಕ್ಕೆ ಸರ್ವೆಯವರೇ ಬಂದು ಅಳೆಯಬೇಕು.