ಆರು ರಿಪೋರ್ಟ್ ಹನ್ನೊಂದಾದ ಮೇಲೆ

ಲೀಡ್ ಆಗಿ ನನ್ನ ಮೊದಲ ಪ್ರಾಜೆಕ್ಟ್ ಒಂದು ಗೋದಾಮಿನ ಸ್ಟಾಕ್ ಸಾಫ್ಟ್‌ವೇರ್. ಏನೇನು ಮಾಡಿಕೊಡಬೇಕು ಅಂತ ಬರೆದು ಕ್ಲೈಂಟ್ ಜೊತೆ ಸಹಿ ಮಾಡುವ ಕಾಗದ, ಅಂದರೆ ಎಸ್‌ಒಡಬ್ಲ್ಯೂ, 14 ಪುಟ ಇತ್ತು, ಪೂರ್ತಿ ಇಂಗ್ಲಿಷ್. ಡೆಲಿವರಬಲ್ಸ್ ಭಾಗದಲ್ಲಿ ರಿಪೋರ್ಟ್ ಮಾಡ್ಯೂಲ್ ಅಂತ ಬರೆದು, ಕೆಳಗೆ ಆರು ರಿಪೋರ್ಟ್‌ಗಳ ಹೆಸರು ಕೊಟ್ಟಿದ್ದರು. ನಾನು ಆರಕ್ಕೇ ದಿನ ಲೆಕ್ಕ ಹಾಕಿದೆ. ಆ ಪಟ್ಟಿಗೆ ಮೊದಲು ‘ಇನ್‌ಕ್ಲೂಡಿಂಗ್ ಬಟ್ ನಾಟ್ ಲಿಮಿಟೆಡ್ ಟು’ ಅಂತ ಇತ್ತು. ಓದಿದ್ದೆ, ಆದರೆ ವಕೀಲರು ಸುಮ್ನೆ ಸೇರಿಸಿದ ಮಾತು ಅಂದುಕೊಂಡೆ. ‘ಇವೂ ಸೇರಿವೆ, ಆದರೆ ಇಷ್ಟೇ ಅಲ್ಲ’ ಅನ್ನುವುದು ಅದರ ಅರ್ಥ. ಕ್ಲೈಂಟ್ ಆ ಸಾಲಿಗೆ ಬೆರಳಿಟ್ಟು ಇನ್ನೂ ಐದು ಕೇಳಿದರು. ದುಡ್ಡಿಲ್ಲದೆ ಮಾಡಿಕೊಟ್ಟೆವು.

ಮುಂದಿನ ಪ್ರಾಜೆಕ್ಟಲ್ಲಿ ಆ ನಾಲ್ಕೈದು ಪದ ತೆಗೆಸಿ, ‘ಅನುಬಂಧದಲ್ಲಿರುವ ಆರು ರಿಪೋರ್ಟ್‌ಗಳು’ ಎಂದು ಬರೆಸಿದೆ. ಜೊತೆಗೆ ಯಾವ ರೂಪದಲ್ಲಿ ಕೊಡುತ್ತೇವೆ ಅನ್ನುವುದನ್ನೂ ಸೇರಿಸಿದೆ: ತೆರೆಯ ಮೇಲೆ ಮಾತ್ರವೋ, ಪಿಡಿಎಫ್ ಕೂಡ ಬೇಕೋ. ಡೆಲಿವರಬಲ್ ಅಂದರೆ ಮಾಡುವ ಕೆಲಸ ಅಲ್ಲ, ಕೈಗೆ ಕೊಡುವ ವಸ್ತು. ಹಾಗಾಗಿ ‘ತರಬೇತಿಗೆ ಸಹಾಯ’ ಅಂತ ಬರೆದರೆ ಅದು ಯಾವತ್ತು ಮುಗಿಯಿತು ಅಂತ ಹೇಳುವುದು ಕಷ್ಟ. ‘ಎರಡು ಗಂಟೆಯ ಎರಡು ತರಗತಿ, ಒಂದು ಕೈಪಿಡಿ’ ಅಂದರೆ ಮುಗಿದದ್ದು ಎಲ್ಲರಿಗೂ ಕಾಣುತ್ತದೆ.

ಕೊಟ್ಟದ್ದನ್ನು ಕ್ಲೈಂಟ್ ಯಾವಾಗ ಒಪ್ಪಬೇಕು ಅಂತ ಹೇಳುವ ಷರತ್ತುಗಳು ಅಕ್ಸೆಪ್ಟೆನ್ಸ್ ಕ್ರೈಟೀರಿಯಾ. ಅದರಲ್ಲಿ ನನ್ನನ್ನು ಎಡವಿಸಿದ ಪದ ‘ಮೆಟೀರಿಯಲ್’. ‘ಮೆಟೀರಿಯಲ್ ಡಿಫೆಕ್ಟ್’ ಅಂದಾಗ ನನ್ನ ತಲೆಗೆ ಬಂದದ್ದು ಸಾಮಾನು, ಸರಕು. ಇಲ್ಲಿ ಆ ಪದಕ್ಕೆ ‘ಗಣನೀಯ’ ಎಂಬ ಅರ್ಥ. ಅಂದರೆ ಬಟನ್ನಿನ ಬಣ್ಣ ಸ್ವಲ್ಪ ಬೇರೆ ಇದ್ದರೆ ಡೆಲಿವರಿ ತಿರಸ್ಕರಿಸುವ ಹಾಗಿಲ್ಲ, ಒಟ್ಟು ಮೊತ್ತ ತಪ್ಪಿದರೆ ತಿರಸ್ಕರಿಸಬಹುದು. ಆದರೆ ಎಷ್ಟಾದರೆ ಗಣನೀಯ ಅಂತ ಯಾರೂ ಬರೆದಿರುವುದಿಲ್ಲ, ಜಗಳ ಹುಟ್ಟುವುದು ಅಲ್ಲೇ. ಅದಕ್ಕೆ ನಾವು ಹೀಗೆ ಬರೆಸಿದೆವು: 10,000 ಸಾಲಿನ ಪರೀಕ್ಷಾ ಡೇಟಾದಲ್ಲಿ ರಿಪೋರ್ಟ್ 8 ಸೆಕೆಂಡಿನೊಳಗೆ ತೆರೆಯಬೇಕು, ಮೊತ್ತ ಕ್ಲೈಂಟ್ ಕೊಟ್ಟ ಮಾದರಿ ಶೀಟಿಗೆ ತಾಳೆಯಾಗಬೇಕು.

ಇದರ ಉಪಯೋಗ ಗೊತ್ತಾಗಿದ್ದು ಕ್ಲೈಂಟ್ ಪರೀಕ್ಷೆ ಮಾಡಿ ದೂರಿನ ಪಟ್ಟಿ ಕಳಿಸಿದಾಗ. ಅವರು ಎಲ್ಲಕ್ಕೂ ‘ಬಗ್’ ಅಂತಲೇ ಬರೆದಿದ್ದರು. ನಮ್ಮ ಹೊಸ ಲೀಡ್‌ಗೆ ಹೇಳಿದೆ, “ಒಂದೊಂದನ್ನೂ ಕ್ರೈಟೀರಿಯಾ ಪಕ್ಕದಲ್ಲಿಟ್ಟು ನೋಡಿ. ಬರೆದಿರೋದನ್ನ ಮುರಿದಿದ್ರೆ ಡಿಫೆಕ್ಟ್, ನಮ್ಮ ಖರ್ಚು. ಬರೆದೇ ಇಲ್ಲದ್ದು ಕೇಳಿದ್ರೆ ಚೇಂಜ್ ರಿಕ್ವೆಸ್ಟ್.” ವಾಪಸ್ ಬಂದ ಸರಕು ಮೊತ್ತದಲ್ಲಿ ಎರಡು ಸಲ ಸೇರುತ್ತಿತ್ತು. ಅದು ಡಿಫೆಕ್ಟ್, ಮರುಮಾತಿಲ್ಲ. ಬ್ಯಾಚ್ ಪ್ರಕಾರ ಪ್ರತ್ಯೇಕ ರಿಪೋರ್ಟ್ ಬೇಕು ಅನ್ನುವುದು ಚೇಂಜ್.

50,000 ಸಾಲಿಗೆ ನಿಧಾನ ಆಗುತ್ತದೆ ಅನ್ನುವ ದೂರೂ ಬಂತು. ಕಾಗದದ ಪ್ರಕಾರ ಅದೂ ಚೇಂಜೇ. ಆದರೆ ಅರ್ಧ ದಿನದ ಕೆಲಸ, ಮಾಡಿಬಿಟ್ಟೆವು. ಮಾಡುವ ಮೊದಲು ‘ಇದು ಸ್ಕೋಪಿನ ಹೊರಗಿನದು, ಈ ಒಂದು ಸಲಕ್ಕೆ ಮಾಡಿಕೊಡುತ್ತಿದ್ದೇವೆ’ ಅಂತ ಒಂದು ಸಾಲಿನ ಮೇಲ್ ಹಾಕಿದೆವು. ಆ ಮೇಲ್ ಇಲ್ಲದಿದ್ದರೆ ಮುಂದಿನ ಸಲ ‘ಆಗ ಮಾಡಿಕೊಟ್ರಲ್ವಾ’ ಅನ್ನುತ್ತಾರೆ.

ಬ್ಯಾಚ್ ರಿಪೋರ್ಟಿಗೆ ಒಂದು ಪುಟದ ಚೇಂಜ್ ರಿಕ್ವೆಸ್ಟ್ ಕಳಿಸಿದೆವು. ಏನು ಕೇಳಿದ್ದಾರೆ, ಎಸ್‌ಒಡಬ್ಲ್ಯೂನ ಯಾವ ಕಲಮಿನಲ್ಲಿ ಅದಿಲ್ಲ, ಒಬ್ಬರಿಗೆ 6 ದಿನದ ಕೆಲಸ, ಅದರ ದರ, ಕೊನೆಯ ತಾರೀಕು 4 ಕೆಲಸದ ದಿನ ಮುಂದಕ್ಕೆ, ಈ ಅಂದಾಜು ಯಾವತ್ತಿನವರೆಗೆ ನಡೆಯುತ್ತದೆ. ಹೊಸ ರಿಪೋರ್ಟಿನ ಅಕ್ಸೆಪ್ಟೆನ್ಸ್ ಕ್ರೈಟೀರಿಯಾವನ್ನೂ ಅದರಲ್ಲೇ ಬರೆದೆವು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಲೀಡ್ ಕೇಳಿದರು, “ಕಾಲ್‌ನಲ್ಲಿ ಓಕೆ ಅಂದ್ರಲ್ಲ ಸರ್, ಶುರು ಮಾಡ್ಲಾ?” ಎಸ್‌ಒಡಬ್ಲ್ಯೂನಲ್ಲಿ ಸಹಿ ಮಾಡುವ ಅಧಿಕಾರ ಇದ್ದದ್ದು ಬೇರೆಯವರಿಗೆ. ಸಹಿ ಬರಲು ಮೂರು ದಿನ ಹಿಡಿಯಿತು. ಅಲ್ಲಿಯವರೆಗೆ ಆ ಕೋಡನ್ನು ಮುಟ್ಟಲಿಲ್ಲ.

ಕೊನೆಗೂ ಒಂದು ತಪ್ಪು ಮಾಡಿದೆವು. 5 ಬಿಸಿನೆಸ್ ಡೇಗಳಲ್ಲಿ ಕ್ಲೈಂಟ್ ಬರಹದಲ್ಲಿ ಉತ್ತರಿಸದಿದ್ದರೆ ‘ಡೀಮ್ಡ್ ಅಕ್ಸೆಪ್ಟೆಡ್’, ಅಂದರೆ ಒಪ್ಪಿದ ಹಾಗೇ ಲೆಕ್ಕ, ಅಂತ ಕಲಮು ಇತ್ತು. ಐದು ದಿನ ಕಳೆಯಿತು, ಉತ್ತರ ಇಲ್ಲ. ಬಿಲ್ ಕಳಿಸಿದೆವು, ವಾಪಸ್ ಬಂತು. ಕಲಮಿನ ಪ್ರಕಾರ ಆ ಐದು ದಿನ ಶುರುವಾಗುವುದು ‘ರಿಟನ್ ನೋಟಿಸ್’, ಅಂದರೆ ಬರಹದ ಸೂಚನೆ, ತಲುಪಿದ ಮೇಲೆ, ಅದೂ ಎಸ್‌ಒಡಬ್ಲ್ಯೂನಲ್ಲಿ ಹೆಸರಿಸಿದ ಮೇಲ್ ವಿಳಾಸಕ್ಕೆ. ನಾವು ಚಾಟ್‌ನಲ್ಲಿ ಲಿಂಕ್ ಹಾಕಿ ಸುಮ್ಮನಾಗಿದ್ದೆವು. ಅವತ್ತೇ ಆ ವಿಳಾಸಕ್ಕೆ ಡೆಲಿವರಬಲ್ ನಂಬರ್, ವರ್ಷನ್, ತಾರೀಕು ಬರೆದು ಮೇಲ್ ಕಳಿಸಿ, ಮತ್ತೆ ಒಂದರಿಂದ ಎಣಿಸತೊಡಗಿದೆವು.